ದಿನಕ್ಕೆ 28 ಗಂಟೆ

ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅನ್ನುವ ನಮ್ಮ ಸಮೀಕ್ಷೆಯಲ್ಲಿ ಬಂಟ್ವಾಳ ತಾಲೂಕಿನ ಒಂದು ಫಾರ್ಮ್ ಸಿಂಕ್ ಆಗಿ ಬಂದಾಗ ಕೆಂಪು ಫ್ಲ್ಯಾಗ್ ಬಿದ್ದಿತ್ತು. ಸೆಕ್ಷನ್ ಸಿ: "ಸಾಮಾನ್ಯವಾಗಿ ದಿನಕ್ಕೆ ಎಷ್ಟು ಗಂಟೆ?" ಮನೆಕೆಲಸ 8, ಮಗುವನ್ನು ನೋಡಿಕೊಳ್ಳುವುದು 6, ಬೀಡಿ ಕಟ್ಟುವುದು 3, ನಿದ್ದೆ 7, ಊಟ ಸ್ನಾನ 2, ಟಿವಿ 2. ಕೂಡಿದರೆ 28. ಅದೇ ಹೆಂಗಸಿನ ಸೆಕ್ಷನ್ ಡಿ, ಅಂದರೆ ನಿನ್ನೆಯ ದಿನದ ಡೈರಿ, ಸರಿಯಾಗಿ 24 ತೋರಿಸುತ್ತಿತ್ತು. ಆದರೆ ಅದರಲ್ಲಿ ಮನೆಕೆಲಸ ಬರೀ ಐದೂವರೆ ಗಂಟೆ, ಬೀಡಿ ಆರೂವರೆ, ಮಗು ಒಂದೇ ಗಂಟೆ.

ಮನೆಗೆ ಹೋಗಿ ಫಾರ್ಮ್ ತುಂಬಿಸಿಕೊಂಡು ಬಂದ ಇನ್ವೆಸ್ಟಿಗೇಟರ್ ಹುಡುಗಿ ಆ ಕಡೆಯವಳೇ. ತುಳು ಬಲ್ಲವಳು, ಚುರುಕು. ಆದರೂ ನನಗೆ ಮೊದಲು ಹೊಳೆದದ್ದು, ಒಂದು ಸೆಕ್ಷನ್ನನ್ನು ಇವಳು ಕೂತಲ್ಲೇ ತುಂಬಿದ್ದಾಳೆ ಅಂತ. ಬೀಡಿ 3 ಎಲ್ಲಿ, ಆರೂವರೆ ಎಲ್ಲಿ! ಅದೇ ಸಂಜೆ ಕ್ಲೈಂಟ್ ಜೊತೆ ಕಾಲ್ ಇತ್ತು. ಇನ್ನೂ ಹಲವು ಫಾರ್ಮ್‌ಗಳಲ್ಲಿ ಇದೇ ತರಹ ಇದೆ, ಯಾವುದನ್ನು ನಂಬಬೇಕು ಅಂತ ಅವರು ಕೇಳಿದರು. ನಮ್ಮ ಮ್ಯಾನೇಜರ್ ಮ್ಯೂಟ್‌ನಲ್ಲೇ ಇದ್ದರು. ನಾನು "ಫೀಲ್ಡ್ ಕ್ವಾಲಿಟಿ ಸಮಸ್ಯೆ ಇರಬಹುದು" ಅಂದುಬಿಟ್ಟೆ. ಹುಡುಗಿಯೂ ಆ ಕಾಲ್‌ನಲ್ಲಿದ್ದಳು. ಏನೂ ಹೇಳಲಿಲ್ಲ. ಆಮೇಲೆ ಫೋನ್ ಮಾಡಿ, "ಸರ್, ಬ್ಯಾಕ್‌ಚೆಕ್‌ಗೆ ನೀವೇ ಬನ್ನಿ" ಅಂದಳು.

ಉತ್ತರ ಸರಿಯೇ ಅಂತ ತಾಳೆ ನೋಡೋಕೆ ಆ ಹೆಂಗಸಿನ ಮನೆಗೇ ಮತ್ತೆ ಹೋದೆವು. ಅಕ್ಕ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಾ ಕೂತಿದ್ದರು. ಪಕ್ಕದಲ್ಲಿ ಎರಡು ವರ್ಷದ ಮಗು ಎಲೆಯ ಚೂರು ಹರಿಯುತ್ತಾ ಇತ್ತು. ನಾನು ಸೆಕ್ಷನ್ ಸಿ ಪ್ರಶ್ನೆಯನ್ನೇ ಮತ್ತೆ ಕೇಳಿದೆ. "ಬೀಡಿಯಾ? ಮಧ್ಯಾಹ್ನ ಎರಡರಿಂದ ಐದು, ಮೂರು ಗಂಟೆ" ಅಂದರು. ಗಡಿಯಾರ ಬೆಳಗ್ಗೆ 11 ತೋರಿಸುತ್ತಿತ್ತು. ಈಗ ಮಾಡ್ತಿರೋದು ಏನಕ್ಕ ಅಂದೆ. "ಇದು ಒಲೆ ಮೇಲೆ ಅನ್ನಕ್ಕೆ ಇಟ್ಟು ಸುಮ್ನೆ ಕೂರೋ ಬದಲು ಕಟ್ಟೋದಲ್ವಾ!"

ಅಲ್ಲಿಗೆ ಗಂಟು ಬಿಚ್ಚಿತು. ಜಗಲಿಯಲ್ಲೇ ಕೂತು ಎರಡೂ ಸೆಕ್ಷನ್ನನ್ನು ಪಕ್ಕಪಕ್ಕ ಇಟ್ಟೆವು. ಬೆಳಗ್ಗೆ ಹತ್ತರಿಂದ ಹನ್ನೆರಡೂವರೆವರೆಗೆ ಕಟ್ಟುವ ಬೀಡಿ ಅವರ ಲೆಕ್ಕದಲ್ಲಿ ಅಡುಗೆ. ಹಾಗಾಗಿ ಐದೂವರೆ ಇದ್ದ ಮನೆಕೆಲಸ ಎಂಟಾಯಿತು. ರಾತ್ರಿ ಸೀರಿಯಲ್ ನೋಡುತ್ತಾ ಒಂದು ಗಂಟೆ ಕಟ್ಟುವುದು ಟಿವಿ ಖಾತೆಗೆ ಹೋಗಿತ್ತು. ಮಗುವಿನ 6 ಗಂಟೆಯಲ್ಲಿ ಸ್ನಾನ, ಊಟ ಮಾಡಿಸುವುದು ಒಂದು ಗಂಟೆ. ಉಳಿದ ಐದು ಗಂಟೆ ಬೇರೆ ಕೆಲಸ ಮಾಡುತ್ತಲೇ ಮಗುವಿನ ಮೇಲೆ ಕಣ್ಣಿಡುವುದು. ಒಂದೇ ಹೊತ್ತು ಎರಡು ಕಡೆ ಜಮೆ ಆಗಿತ್ತು. 28ರಲ್ಲಿ ಆ ಐದು ಕಳೆದರೆ 23. ಇನ್ನೊಂದು ಗಂಟೆ ಎಲ್ಲಿ? ಸಂಜೆ ಬೀಡಿ ಕಂಪನಿಯ ಬ್ರಾಂಚ್‌ಗೆ ನಡೆದು ಹೋಗಿ, ಬೀಡಿ ಕೊಟ್ಟು, ಎಲೆ ತಂಬಾಕು ತೂಗಿಸಿಕೊಂಡು ಬರುವುದು. ಅದನ್ನು ನಾವು ಕೇಳಿಯೇ ಇರಲಿಲ್ಲ, ಅವರು ಹೇಳಿಯೂ ಇರಲಿಲ್ಲ.

ಯಾವುದು ನಿಜಕ್ಕೆ ಹತ್ತಿರ ಅಂತ ನೋಡೋಕೆ ಈ ಕೆಲಸದಲ್ಲಿ ಒಂದು ಒಳ್ಳೆ ಸಾಕ್ಷಿ ಸಿಗುತ್ತದೆ, ಬ್ರಾಂಚ್ ಪುಸ್ತಕ. ಅಕ್ಕ ದಿನಕ್ಕೆ ಸುಮಾರು 700 ಬೀಡಿ ಕೊಡುತ್ತಿದ್ದರು. ಎಲೆ ಕತ್ತರಿಸುವುದೂ ಸೇರಿದರೆ ಸಾವಿರ ಬೀಡಿಗೆ ಪಳಗಿದ ಕೈಗೂ ಎಂಟರಿಂದ ಹತ್ತು ಗಂಟೆ ಬೇಕು. 700 ಬೀಡಿ ಮೂರು ಗಂಟೆಯಲ್ಲಿ ಆಗುವ ಮಾತೇ ಅಲ್ಲ. ಆರೂವರೆ ಸರಿಹೊಂದುತ್ತದೆ. ಹುಡುಗಿಯ ಡೈರಿ ನಿಖರವಾಗಿತ್ತು. ವಾಪಸ್ ಬರುವ ಬಸ್ಸಿನಲ್ಲಿ ಅವಳ ಹತ್ತಿರ ಕ್ಷಮೆ ಕೇಳಿದೆ. "ಇರ್ಲಿ ಸರ್" ಅಂದಳು, ಕಿಟಕಿ ಕಡೆ ತಿರುಗಿ.

"ದಿನಕ್ಕೆ ಎಷ್ಟು ಗಂಟೆ" ಅಂದರೆ ನಾವು ಆ ವ್ಯಕ್ತಿಯಿಂದ ಮೂರು ಕೆಲಸ ಮಾಡಿಸುತ್ತಿದ್ದೇವೆ. ಯಾವುದು 'ಕೆಲಸ' ಅಂತ ಅವರೇ ನಿರ್ಧರಿಸಬೇಕು, ಚೂರುಚೂರು ಹೊತ್ತನ್ನು ಕೂಡಿಸಬೇಕು, ಅದರ ಸರಾಸರಿಯನ್ನೂ ತೆಗೆಯಬೇಕು. ಒಂಬತ್ತರಿಂದ ಐದು ಆಫೀಸಿಗೆ ಹೋಗುವವರಿಗೆ ಸಂಬಳದ ಕೆಲಸದ ಮಟ್ಟಿಗೆ ಇದು ಕಷ್ಟವಲ್ಲ. ಒಲೆಯ ಪಕ್ಕ ಕೂತು ದುಡಿಯುವವರಿಗೆ ಸಾಧ್ಯವೇ ಇಲ್ಲ. ಡೈರಿಯಲ್ಲಿ ಕೇಳುವುದು "ಎದ್ದ ಮೇಲೆ ಏನು ಮಾಡಿದ್ರಿ, ಆಮೇಲೆ?" ಅಷ್ಟೇ. ನಮ್ಮದೂ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ತರಹವೇ: ನಿನ್ನೆ ಬೆಳಗಿನ ಜಾವ 4ರಿಂದ ಇವತ್ತು 4ರವರೆಗೆ, ಅರ್ಧರ್ಧ ಗಂಟೆಯ ಚೌಕಗಳು. ಗಡಿಯಾರ ನೋಡದವರಿಗೆ ಹುಡುಗಿ ಶಾಲೆ ವ್ಯಾನು, ಸೀರಿಯಲ್ಲು ಹಿಡಿದು ಹೊತ್ತು ಕೂರಿಸುತ್ತಿದ್ದಳು. ಕೂಡುವ ಲೆಕ್ಕ ನಮ್ಮದು.

ಹಾಗಂತ ಡೈರಿಯೇ ಸರಿ ಅಂತ ಕುಣಿಯುವಂತಿಲ್ಲ. ಅದೇ ಮನೆಯ ಯಜಮಾನರು ಸೆಕ್ಷನ್ ಸಿಯಲ್ಲಿ ಮನೆಕೆಲಸ ಒಂದೂವರೆ ಗಂಟೆ ಅಂದಿದ್ದರು, ಡೈರಿಯಲ್ಲಿ ಸೊನ್ನೆ. ನಮ್ಮ ಆಫೀಸಿನಲ್ಲಿ ಎಲ್ಲರೂ ನಕ್ಕರು. ಆದರೆ ಒಂದು ದಿನದ ಸೊನ್ನೆ ಆ ದಿನದ್ದು, ಆ ಮನುಷ್ಯನದ್ದಲ್ಲ. ಅವರು ಭಾನುವಾರ ಮೀನು ತಂದು ಶುಚಿ ಮಾಡಿ, ಸೌದೆ ಒಡೆದು ಇಡುತ್ತಿದ್ದರು. ಡೈರಿಯಿಂದ ಗುಂಪಿನ ಸರಾಸರಿ ತೆಗೆಯಬಹುದು, ಒಬ್ಬರ ಗುಣ ಹೇಳೋಕೆ ಬರುವುದಿಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯ ಅಂಕಿ ಓದುವಾಗಲೂ ಇದನ್ನು ಮರೆಯುತ್ತಾರೆ. ಸಂಬಳವಿಲ್ಲದ ಮನೆಕೆಲಸ ಹೆಂಗಸರಿಗೆ 299 ನಿಮಿಷ, ಗಂಡಸರಿಗೆ 97 ಅಂತ ಪತ್ರಿಕೆಗಳಲ್ಲಿ ಬಂತು. ಅದು ಆ ದಿನ ಆ ಕೆಲಸ ಮಾಡಿದವರ ಸರಾಸರಿ ಮಾತ್ರ. ಮಾಡಿದ ಗಂಡಸರು 26.1 ಶೇಕಡ, ಹೆಂಗಸರು 81.2. ಸೊನ್ನೆಗಳನ್ನೂ ಸೇರಿಸಿ ಹಂಚಿದರೆ ಗಂಡಸರ ಪಾಲು 25 ನಿಮಿಷದ ಆಸುಪಾಸಿಗೆ ಇಳಿಯುತ್ತದೆ.

ಸೊನ್ನೆಗಳು ಅರ್ಥ ಕೊಡಬೇಕಾದರೆ ವಾರದ ಏಳೂ ದಿನ ಸಮನಾಗಿ ಬರಬೇಕು. ಯಜಮಾನರ ಭಾನುವಾರ ಹುಡುಕುತ್ತಾ ಇಂಟರ್‌ವ್ಯೂ ತಾರೀಕುಗಳನ್ನು ತೆಗೆದು ನೋಡಿದೆ. ನಮ್ಮ ಡೇಟಾದಲ್ಲಿ ಭಾನುವಾರದ ಡೈರಿ ಒಂದೂ ಇರಲಿಲ್ಲ! ಭಾನುವಾರದ ಡೈರಿ ಸಿಗಬೇಕಾದರೆ ಸೋಮವಾರ ಮನೆಗೆ ಹೋಗಬೇಕು. ಸೋಮವಾರ ನಮ್ಮ ಮ್ಯಾನೇಜರ್‌ರ ರಿವ್ಯೂ ಮೀಟಿಂಗ್, ಇಡೀ ಟೀಮ್ ಊರಿನ ಲಾಡ್ಜ್‌ನಲ್ಲಿ ಪಿಪಿಟಿ ನೋಡುತ್ತಾ ಕೂರುತ್ತಿತ್ತು. ಗಂಡಸರು ಮನೆಯಲ್ಲಿರುವ, ಬ್ರಾಂಚ್ ಮುಚ್ಚಿರುವ ದಿನವೇ ಮಾಯ. ಮೀಟಿಂಗ್ ಬುಧವಾರಕ್ಕೆ ಹಾಕಿದರೆ ಬರೀ ಮಂಗಳವಾರ ತಪ್ಪುತ್ತದೆ, ಬೇರೆ ಬೇರೆ ದಿನ ಹಾಕಿದರೆ ಯಾವುದೂ ತಪ್ಪುವುದಿಲ್ಲ ಅಂತ ಬರೆದು ಕಳಿಸಿದೆ. ಎರಡನೇ ರೌಂಡ್‌ನಲ್ಲಿ ಬುಧವಾರ ಆಯಿತು.

ಮಗುವಿನ ಐದು ಗಂಟೆ ಮಾತ್ರ ಇನ್ನೂ ಚುಚ್ಚುತ್ತದೆ. ಆ ಅರ್ಧ ಗಂಟೆಗಳಲ್ಲಿ 'ಮುಖ್ಯ ಕೆಲಸ' ಬೀಡಿ ಅಥವಾ ಅಡುಗೆ, ಮಗು 'ಜೊತೆಗೆ' ಅನ್ನುವ ಕಾಲಂನಲ್ಲಿ. ಕಾಲಂ ಭರ್ತಿ ಮಾಡಿದ್ದಕ್ಕೇ ಆ ಐದು ಗಂಟೆ ಕಂಡಿತು. ವರದಿಯಲ್ಲಿ ಮುಖ್ಯ ಕೆಲಸ ಮಾತ್ರ ತೆಗೆದುಕೊಂಡರು, ಮಗು ಮತ್ತೆ ಒಂದು ಗಂಟೆಗೆ ಬಂತು. ಈ ವಿಷಯದಲ್ಲಿ ಅಕ್ಕನ 28 ಗಂಟೆಯೇ ಹೆಚ್ಚು ಪ್ರಾಮಾಣಿಕ. ಎರಡನೇ ರೌಂಡ್‌ಗೆ ಫಾರ್ಮ್ ಉದ್ದ ಆಯ್ತು ಅಂತ ಮೇಲಿನವರು ತೆಗೆದುಹಾಕಿದ್ದು ಸೆಕ್ಷನ್ ಸಿಯನ್ನಲ್ಲ, ಅದೇ 'ಜೊತೆಗೆ' ಕಾಲಂ ಅನ್ನು. ಒಂದು ಫಾರ್ಮ್‌ಗೆ ಹತ್ತು ನಿಮಿಷ ಉಳಿಯಿತಂತೆ.