ವರದಿಯಲ್ಲಿ ಗಡ್ಡೆ, ಕೈಗೆ ಸಿಕ್ಕಿದ್ದು ಬೇರೆ

ಸ್ತ್ರೀರೋಗ ವೈದ್ಯೆಯಾಗಿ ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷದಲ್ಲಿ, ಎರಡು ಹೆರಿಗೆಯಾಗಿದ್ದ 38 ವರ್ಷದ ಮಹಿಳೆಯೊಬ್ಬರು ಸ್ಕ್ಯಾನಿಂಗ್ ವರದಿ ಹಿಡಿದು ನನ್ನ ಬಳಿಗೆ ಬಂದರು. ಗರ್ಭಕೋಶದ ಹಿಂಬದಿಯ ಗೋಡೆಯಲ್ಲಿ 4 ಸೆಂಟಿಮೀಟರ್ ಅಳತೆಯ ಫೈಬ್ರಾಯ್ಡ್ ಇದೆ ಎಂದು ಅದರಲ್ಲಿ ಬರೆದಿತ್ತು. ಅವರ ಮುಟ್ಟು ಎಂಟು ದಿನ ಹೋಗುತ್ತಿತ್ತು, ಮೊದಲ ಮೂರು ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತಿತ್ತು, ಹಿಮೋಗ್ಲೋಬಿನ್ 7.6ಕ್ಕೆ ಇಳಿದಿತ್ತು. “ಗರ್ಭಕೋಶ ಇರಲಿ ಮೇಡಂ, ಗಡ್ಡೆ ಒಂದನ್ನು ತೆಗೆದುಬಿಡಿ” ಎಂದು ಅವರು ಕೇಳಿಕೊಂಡರು. ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟು, ಹಿಮೋಗ್ಲೋಬಿನ್ 10 ದಾಟಿದ ಮೇಲೆ ನಾನು ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿದೆ.

ಫೈಬ್ರಾಯ್ಡ್ ಬೆಳೆಯುವಾಗ ಸುತ್ತಲಿನ ಸ್ನಾಯುವನ್ನು ಒತ್ತಿ ಹೊರಕ್ಕೆ ತಳ್ಳುವುದರಿಂದ, ಅದರ ಸುತ್ತ ಸಿಪ್ಪೆಯಂಥ ಒಂದು ಪದರ ಉಂಟಾಗಿರುತ್ತದೆ. ಸರಿಯಾದ ಆಳಕ್ಕೆ ಕೊಯ್ದು ಆ ಪದರದೊಳಗೆ ಬೆರಳು ಹೋಯಿತೆಂದರೆ, ಹಲಸಿನ ತೊಳೆಯಿಂದ ಬೀಜ ಬಿಡಿಸಿದಂತೆ ಗಡ್ಡೆ ಇಡಿಯಾಗಿ ಕಳಚಿ ಬರುತ್ತದೆ. ಅಂದು ನಾನು ಕೊಯ್ದ ಜಾಗದಲ್ಲಿ ಆ ಸಿಪ್ಪೆಯೇ ಸಿಗಲಿಲ್ಲ. ಇನ್ನೂ ಸ್ವಲ್ಪ ಆಳಕ್ಕೆ ಹೋದರೂ ಗಟ್ಟಿ ಭಾಗ ಎಲ್ಲಿ ಮುಗಿಯಿತು, ಒಳ್ಳೆಯ ಸ್ನಾಯು ಎಲ್ಲಿ ಶುರುವಾಯಿತು ಎಂಬುದು ತಿಳಿಯಲಿಲ್ಲ. ಕೊಯ್ದ ಮೈಯಲ್ಲಿ ಅಲ್ಲಲ್ಲಿ ಕಡುಗೆಂಪು ಚುಕ್ಕೆಗಳು ಕಂಡವು, ರಕ್ತ ಒಸರುತ್ತಲೇ ಇತ್ತು. ಒಂದು ತುಣುಕನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಂಡು ಹೊಲಿಗೆ ಹಾಕಿದೆ. ವಾರದ ನಂತರ ಪ್ರಯೋಗಾಲಯದಿಂದ ಬಂದ ಉತ್ತರ ಅಡಿನೋಮಯೋಸಿಸ್.

ಅಂದರೆ, ಮುಟ್ಟಿನಲ್ಲಿ ಕಳಚಿ ಹೋಗುವ ಗರ್ಭಕೋಶದ ಒಳಪದರದ ಗ್ರಂಥಿಗಳೇ ಸ್ನಾಯುವಿನೊಳಗೆ ನುಗ್ಗಿ ನೆಲೆಸಿದ್ದವು. ಅವು ಅಲ್ಲಿಯೂ ಹಾರ್ಮೋನಿನ ಏರಿಳಿತಕ್ಕೆ ಸ್ಪಂದಿಸುತ್ತವೆ, ಸುತ್ತಲಿನ ಸ್ನಾಯು ಕೆರಳಿ ದಪ್ಪವಾಗುತ್ತದೆ. ಈ ದಪ್ಪ ಒಂದೇ ಕಡೆ ಕೂಡಿಕೊಂಡಾಗ ಸ್ಕ್ಯಾನಿಂಗಿನಲ್ಲಿ ಗಡ್ಡೆಯಂತೆ ಕಾಣುತ್ತದೆ, ಆದರೆ ಅದಕ್ಕೆ ಅಂಚಿರುವುದಿಲ್ಲ.

ಆ ಸಂಜೆ ಅವರ ಕೇಸ್ ಶೀಟ್ ತೆಗೆದು ಓದಿದೆ. ನನ್ನದೇ ಅಕ್ಷರದಲ್ಲಿ, “ಗರ್ಭಕೋಶ ಹತ್ತು ವಾರದ ಬಸಿರಿನ ಗಾತ್ರ, ಎಲ್ಲ ಕಡೆ ಒಂದೇ ಸಮನಾಗಿ ದಪ್ಪ, ತುಸು ಮೆದು, ಒತ್ತಿದರೆ ನೋವು” ಎಂದಿತ್ತು. 4 ಸೆಂಟಿಮೀಟರಿನ ಒಂದು ಫೈಬ್ರಾಯ್ಡಿನಿಂದ ಇಡೀ ಗರ್ಭಕೋಶ ದುಂಡಗೆ ಊದಿಕೊಳ್ಳುವುದಿಲ್ಲ. ಅದು ಒಂದು ಕಡೆ ಗಟ್ಟಿ ಉಬ್ಬಾಗಿ ಕೈಗೆ ಸಿಗಬೇಕು, ಸಾಮಾನ್ಯವಾಗಿ ಒತ್ತಿದರೂ ನೋಯಬಾರದು. ನೋವು ಮುಟ್ಟಿಗೆ ಮೂರು ದಿನ ಮೊದಲೇ ಶುರುವಾಗಿ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ ಎಂದೂ ಅವರು ಹೇಳಿದ್ದರು. ನನ್ನ ಕೈ ಸರಿಯಾದುದನ್ನೇ ಹೇಳಿತ್ತು. ಅಚ್ಚಾದ ವರದಿಯನ್ನು ನಾನು ಅದಕ್ಕಿಂತ ಹೆಚ್ಚು ನಂಬಿದ್ದೆ.

ಹಾಗೆಂದು ನೋವಿದ್ದ ಕೂಡಲೇ ಅಡಿನೋಮಯೋಸಿಸ್ ಎನ್ನಲಾಗದು. ರಕ್ತಪೂರೈಕೆ ಸಾಲದೆ ಒಳಗೇ ಕೊಳೆಯತೊಡಗಿದ ಫೈಬ್ರಾಯ್ಡ್ ಕೂಡ ಮುಟ್ಟಿದರೆ ನೋಯುತ್ತದೆ, ಆದರೆ ಆ ನೋವು ತಿಂಗಳ ಲೆಕ್ಕಕ್ಕೆ ಕಾಯದೆ ಒಮ್ಮೆಲೇ ಬರುತ್ತದೆ, ಕೆಲವೊಮ್ಮೆ ಜ್ವರವೂ ಜೊತೆಗಿರುತ್ತದೆ. ಬಸಿರು ಮತ್ತು ಸೋಂಕು ಇಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಇನ್ನು ಎರಡೂ ಕಾಯಿಲೆ ಒಂದೇ ಗರ್ಭಕೋಶದಲ್ಲಿರುವುದೂ ಅಪರೂಪವಲ್ಲ. ಆಗ ರಕ್ತಸ್ರಾವಕ್ಕೆ ಯಾವುದು ಕಾರಣ ಎಂಬುದಕ್ಕೆ ಗಡ್ಡೆಯ ಗಾತ್ರಕ್ಕಿಂತ ಅದರ ಜಾಗ ಮುಖ್ಯ. ಒಳಕುಹರಕ್ಕೆ ಚಾಚಿಕೊಂಡ 2 ಸೆಂಟಿಮೀಟರಿನ ಗಡ್ಡೆ ಧಾರಾಳವಾಗಿ ರಕ್ತ ಹರಿಸಬಲ್ಲದು, ಹೊರಮೈಯಲ್ಲಿ ಜೋತ 6 ಸೆಂಟಿಮೀಟರಿನದು ಮುಟ್ಟಿನ ಮೇಲೆ ಯಾವ ಪರಿಣಾಮವನ್ನೂ ಬೀರದೆ ಇದ್ದುಬಿಡಬಹುದು.

ಅವರಿಗೆ ಗಾಯ ಮಾಗಿದ ಮೇಲೆ, ಲೆವೊನಾರ್ಜೆಸ್ಟ್ರೆಲ್ ಇರುವ 52 ಮಿಲಿಗ್ರಾಮಿನ ಹಾರ್ಮೋನ್ ವಂಕಿಯನ್ನು ಗರ್ಭಕೋಶದೊಳಗೆ ಹಾಕಿದೆ. ಮೊದಲ ನಾಲ್ಕು ತಿಂಗಳು ಆಗಾಗ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿಕೊಂಡಾಗ, ಇದನ್ನೂ ತೆಗೆಸಿಬಿಡೋಣವೇ ಎಂದು ಅವರು ಕೇಳಿದ್ದರು. ಹೀಗಾಗುವುದು ಸಾಮಾನ್ಯ ಎಂದು ಮೊದಲೇ ಹೇಳಿದ್ದರಿಂದ ತಾಳಿಕೊಂಡರು. ವರ್ಷ ತುಂಬುವ ಹೊತ್ತಿಗೆ ಹಿಮೋಗ್ಲೋಬಿನ್ 11.8 ಆಗಿತ್ತು, ನೋವಿನ ಮಾತ್ರೆ ಬೇಕಾಗುತ್ತಿರಲಿಲ್ಲ. ಹೊಟ್ಟೆಯ ಮೇಲಿನ ಗಾಯದ ಗೆರೆ ಮಾತ್ರ ಅವರಿಗೆ ಬೇಕಿರಲಿಲ್ಲ.

ಈಗ ಸ್ಕ್ಯಾನಿಂಗ್ ಚೀಟಿಯಲ್ಲಿ ‘ಅಧಿಕ ರಕ್ತಸ್ರಾವ’ ಎಂದಷ್ಟೇ ಬರೆದು ಕಳಿಸುವುದಿಲ್ಲ. ಗರ್ಭಕೋಶ ಒಂದೇ ಸಮನಾಗಿ ದಪ್ಪವಿದ್ದು ಒತ್ತಿದರೆ ನೋಯುತ್ತದೆ, ಯೋನಿಮಾರ್ಗದ ಸ್ಕ್ಯಾನಿನಲ್ಲಿ ಮೂರು ವಿಷಯ ನೋಡಿ ತಿಳಿಸಿ ಎಂದು ಬರೆಯುತ್ತೇನೆ: ಗಡ್ಡೆಗೆ ಸ್ಪಷ್ಟ ಅಂಚಿದೆಯೇ, ಸ್ನಾಯುವಿನೊಳಗೆ ಸಣ್ಣ ನೀರ್ಗುಳ್ಳೆಗಳಿವೆಯೇ, ರಕ್ತನಾಳಗಳು ಗಡ್ಡೆಯನ್ನು ಬಳಸಿ ಹೋಗುತ್ತಿವೆಯೇ ಅಥವಾ ಅದರ ಮೂಲಕವೇ ಹಾದುಹೋಗುತ್ತಿವೆಯೇ. ಬಳಸಿ ಹೋಗುವುದು ಫೈಬ್ರಾಯ್ಡಿನ ಕಡೆಗೂ, ಹಾದುಹೋಗುವುದು ಅಡಿನೋಮಯೋಸಿಸ್ ಕಡೆಗೂ ತೂಗುತ್ತದೆ. ಆಗಲೂ ಅನುಮಾನ ಉಳಿದು, ಗಡ್ಡೆ ತೆಗೆಯುವ ಮಾತು ಬಂದಿದ್ದರೆ, ಕತ್ತರಿ ಹಿಡಿಯುವ ಮೊದಲು ಎಂಆರ್‌ಐ ಮಾಡಿಸುತ್ತೇನೆ.