ಮುಚ್ಚಿದ ಬಾಗಿಲು ಮತ್ತು ಅಜ್ಜಿಯ ಪ್ಲಾಸ್ಟಿಕ್ ಸ್ಟೂಲು

ಭಾನುವಾರ ಸಂಜೆ ಪಕ್ಕದ ಮನೆ ಜಗುಲಿಯಲ್ಲಿ ಪಂಚಕ್ಷೇತ್ರ, ಅಂದರೆ ನಮ್ಮ ಕರಾವಳಿಯ ಐದು ಶಿವಸ್ಥಾನಗಳ ಯಾತ್ರೆಯ ಪಟ್ಟಿ ಓದಿದರು. ಬೆಂಗಳೂರಿಂದ ಬಂದ ಮೊಮ್ಮಗ ಲ್ಯಾಪ್‌ಟಾಪಿನಲ್ಲಿ ಬಣ್ಣ ಬಣ್ಣದ ಚೌಕ ಮಾಡಿ ತಂದಿದ್ದ. ಶಿರಸಿಯಿಂದ ಗೋಕರ್ಣ, ಅಲ್ಲಿಂದ ಕಾರವಾರದ ಶೆಜ್ಜೇಶ್ವರ, ತಿರುಗಿ ಬಂದು ಧಾರೇಶ್ವರ, ಗುಣವಂತೆ, ನಡುವೆ ಇಡಗುಂಜಿ ಗಣಪತಿ, ಮುರ್ಡೇಶ್ವರ, ರಾತ್ರಿ ಮನೆ. ಎಲ್ಲ ಒಂದೇ ದಿನ.

"ಮ್ಯಾಪಲ್ಲಿ ಒಂಬತ್ತು ತಾಸು ಹೇಳಿ ತೋರಿಸ್ತು, ಮಾವ. ಆರಾಮಾಗಿ ಆಗ್ತು" ಅಂದ ನನ್ನ ಕಡೆ ತಿರುಗಿ.

ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಕೇಳಿದರು: "ಅದೆಲ್ಲ ಸರಿ ಮಾರಾಯ, ಆನು ಎಲ್ಲಿ ಕುತ್ಗಳವು?"

ಎಲ್ಲರೂ ನಕ್ಕರು. ಅವನು "ಕಾರಲ್ಲೇ ಕುತ್ಗ" ಅಂದ. ಅಜ್ಜಿಗೆ ಎಪ್ಪತ್ತೆಂಟು, ಎರಡೂ ಮಂಡಿ ಹೋಗಿದೆ. ಆ ಪ್ರಶ್ನೆ ಈ ವಾರವೆಲ್ಲ ತಲೆಯಲ್ಲಿ ಸುತ್ತುತ್ತಿದೆ. ಪಟ್ಟಿಯಲ್ಲಿ ಕಿಲೋಮೀಟರಿತ್ತು, ನಿಮಿಷ ಇತ್ತು, ಊಟದ ಹೋಟೆಲಿಗೆ ಎಷ್ಟು ಚುಕ್ಕಿ ಅಂತಲೂ ಇತ್ತು. ಕೂರುವ ಜಾಗ ಮಾತ್ರ ಇರಲಿಲ್ಲ. ಹುಡುಗ ಬುದ್ಧಿವಂತನೇ. ಆದರೆ ಯಾತ್ರೆ ಅಂದರೆ ಊರೂರಿನ ನಡುವಿನ ದೂರ ಅಂದುಕೊಂಡಿದ್ದಾನೆ.

ಮೊದಲು ಅವನ ಲೆಕ್ಕವನ್ನೇ ನೋಡೋಣ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಗೋಕರ್ಣಕ್ಕೆ ಸುಮಾರು 83 ಕಿ.ಮೀ., ಗೋಕರ್ಣದಿಂದ ಕಾರವಾರಕ್ಕೆ 60, ಕಾರವಾರದಿಂದ ಧಾರೇಶ್ವರಕ್ಕೆ 80ರ ಹತ್ತಿರ, ಅಲ್ಲಿಂದ ಇಡಗುಂಜಿ, ಮುರ್ಡೇಶ್ವರ ಸೇರಿ ಇನ್ನೊಂದು 50, ವಾಪಸು ಹೊನ್ನಾವರ, ಕುಮಟಾ ಮೇಲೆ ಶಿರಸಿಗೆ 105. ಒಟ್ಟು 375ರ ಸುಮಾರು. ತಾಸಿಗೆ 40ರಂತೆ ಹಿಡಿದರೆ ಒಂಬತ್ತು, ಒಂಬತ್ತೂವರೆ ತಾಸು ಆಗುತ್ತದೆ ನಿಜ. ಆದರೆ ಅದು ಚಕ್ರ ತಿರುಗುವ ಹೊತ್ತು ಮಾತ್ರ. ಚಪ್ಪಲಿ ಬಿಡುವುದು, ಪಂಚೆ ಸುತ್ತುವುದು, ಸರತಿ, ಪ್ರದಕ್ಷಿಣೆ, ಅಜ್ಜಿ ಮೆಟ್ಟಿಲು ಇಳಿಯುವುದು ಎಲ್ಲ ಸೇರಿದರೆ ಚಿಕ್ಕ ಕ್ಷೇತ್ರಕ್ಕೆ ಮುಕ್ಕಾಲು ತಾಸು, ಗೋಕರ್ಣಕ್ಕೆ ಎರಡೂವರೆ.

ಅದಕ್ಕಿಂತ ದೊಡ್ಡ ತೊಡಕು ಬಾಗಿಲಿನದು. ನಮ್ಮ ಕರಾವಳಿಯ ದೇವಸ್ಥಾನಗಳು ಮಧ್ಯಾಹ್ನದ ಪೂಜೆಯಾದ ಮೇಲೆ ಬಾಗಿಲು ಹಾಕುತ್ತವೆ. ಗೋಕರ್ಣ ಸುಮಾರು ಹನ್ನೆರಡೂವರೆಗೆ ಮುಚ್ಚಿ ಸಂಜೆ ಐದಕ್ಕೆ ತೆರೆಯುತ್ತದೆ. ಮುರ್ಡೇಶ್ವರ, ಇಡಗುಂಜಿ ಒಂದು ಗಂಟೆಗೆ ಮುಚ್ಚಿ ಮೂರಕ್ಕೆ. ಸಣ್ಣ ದೇವಸ್ಥಾನಗಳಲ್ಲಿ ಭಟ್ಟರು ಪೂಜೆ ಮುಗಿಸಿ ಮನೆಗೆ ಹೋದರೆ ಅಲ್ಲಿಗೆ ಮುಗಿಯಿತು. ಹಬ್ಬ, ವಿಶೇಷ ದಿನಗಳಲ್ಲಿ ಈ ಹೊತ್ತೂ ಬದಲಾಗುತ್ತದೆ, ಹಿಂದಿನ ದಿನ ಫೋನ್ ಮಾಡಿ ಕೇಳಿಯೇ ಹೊರಡಬೇಕು. ಹುಡುಗನ ಪಟ್ಟಿಯಲ್ಲಿ ಶೆಜ್ಜೇಶ್ವರ ಮಧ್ಯಾಹ್ನ ಹನ್ನೆರಡು ಮುಕ್ಕಾಲಿಗೆ ಬರುತ್ತದೆ. ಅಂದರೆ 60 ಕಿ.ಮೀ. ಹೋಗಿ ಬೀಗ ನೋಡಿ, ಮತ್ತೆ ಅದೇ ದಾರಿಯಲ್ಲಿ ಬರುವುದು.

ಹಾಗಾಗಿ ಪಟ್ಟಿಯನ್ನು ತಿರುಗುಮುರುಗಾಗಿ ಬರೆಯಬೇಕು. ಬಾಗಿಲು ಮುಚ್ಚಿದ ಹೊತ್ತನ್ನು ರಸ್ತೆಯ ಮೇಲೆ ಕಳೆಯಬೇಕು, ಬಾಗಿಲು ತೆರೆದಿರುವಾಗ ವಾಹನ ನಿಂತಿರಬೇಕು. ಹೀಗೆ ಜೋಡಿಸಿದರೆ ಎರಡು ರಾತ್ರಿ, ಮೂರು ದಿನ ಬೇಕಾಗುತ್ತದೆ. ಸೋಮವಾರ ಶಿವನ ಊರುಗಳಲ್ಲಿ ಜನ, ಶನಿವಾರ ಭಾನುವಾರ ಗೋಕರ್ಣ, ಮುರ್ಡೇಶ್ವರದಲ್ಲಿ ಪ್ರವಾಸಿಗರು. ಮಂಗಳವಾರ ಹೊರಟರೆ ಎರಡೂ ತಪ್ಪುತ್ತದೆ. ಇಡಗುಂಜಿಗೆ ಹೋಗುವ ದಿನ ಸಂಕಷ್ಟಿ ಅಲ್ಲವೇ ಅಂತ ಪಂಚಾಂಗ ನೋಡಿಕೊಂಡರೆ ಸಾಕು.

ಮಂಗಳವಾರ ಬೆಳಗಿನ ಜಾವ ಎದ್ದು ಒದ್ದಾಡುವ ಅಗತ್ಯವೇ ಇಲ್ಲ. ಹನ್ನೊಂದಕ್ಕೆ ಮನೆಯಲ್ಲೇ ಊಟ ಮಾಡಿ, ಹನ್ನೊಂದೂವರೆಗೆ ಹೊರಡುವುದು. ಘಟ್ಟಕ್ಕೆ ಮುಂಚೆ ಹೊಟ್ಟೆ ಬಿರಿಯುವಷ್ಟು ತಿನ್ನಬಾರದು, ಪೂರ್ತಿ ಖಾಲಿಯೂ ಇರಬಾರದು; ವಾಂತಿ ಎರಡರಿಂದಲೂ ಬರುತ್ತದೆ. ಅನ್ನ, ತಂಬುಳಿ ಸಾಕು. ವಾಂತಿಯಾಗುವ ಮಗು ಮುಂದಿನ ಸಾಲಿನಲ್ಲಿ ಹೊರಗೆ ನೋಡುತ್ತ ಕೂರಬೇಕು, ಮೊಬೈಲು ಕೊಟ್ಟರೆ ಮೂರನೇ ತಿರುವಿಗೇ ಗೊತ್ತಾಗುತ್ತದೆ. ಘಟ್ಟ ಇಳಿದ ಮೇಲೆ ಕತಗಾಲದಲ್ಲಿ ಹದಿನೈದು ನಿಮಿಷ ನಿಲ್ಲಬೇಕು. ಅಜ್ಜಿಯ ಮಂಡಿ ಅಷ್ಟು ಹೊತ್ತು ಮಡಚಿಯೇ ಇರುತ್ತದೆ, ಇಳಿದು ಹತ್ತು ಹೆಜ್ಜೆ ಹಾಕದಿದ್ದರೆ ಕಾಲು ಊದಿಕೊಳ್ಳುತ್ತದೆ. ಇನ್ನೊಂದು ಮಾತು: ಉತ್ತರಕ್ಕೆ ಹೋಗುವವರು ಕುಮಟಾ ಪೇಟೆಗೆ ಹೋಗಬೇಕಿಲ್ಲ. ದಿವಗಿಯಲ್ಲಿ ಹೆದ್ದಾರಿ ಸಿಕ್ಕ ಕೂಡಲೇ ಬಲಕ್ಕೆ ತಿರುಗಿದರೆ ಅಘನಾಶಿನಿ ಸೇತುವೆ, ಮಿರ್ಜಾನ, ಮಾದನಗೇರಿ, ಅಂಕೋಲಾ.

ಕಾರವಾರ ತಲುಪುವಾಗ ಮೂರೂವರೆ ಆಗಿರುತ್ತದೆ. ಕಡಲ ದಂಡೆಯಲ್ಲಿ ಬೆಂಚಿದೆ, ನೆರಳಿದೆ. ಅಜ್ಜಿ ಅಲ್ಲಿ ಒಂದು ತಾಸು ಕೂರಬಹುದು. ಐದಕ್ಕೆ ಶೆಜ್ಜೇಶ್ವರ, ಐದು ಮುಕ್ಕಾಲಿಗೆ ಹೊರಟರೆ ಏಳೂವರೆಗೆ ಗೋಕರ್ಣದಲ್ಲಿ ವಾಸ್ತವ್ಯ. ಕೋಣೆ ಹಿಡಿಯುವಾಗ ಮೂರೇ ಪ್ರಶ್ನೆ: ನೆಲಮಹಡಿಯೇ, ಕಮೋಡ್ ಇದೆಯೇ, ರಥಬೀದಿಗೆ ಎಷ್ಟು ದೂರ. ಸಮುದ್ರ ಕಾಣುವ ಕೋಣೆ ಅಜ್ಜಿಗೆ ಯಾತಕ್ಕೆ? ಕಾಣುವಷ್ಟು ಮೇಲೆ ಹತ್ತಲೂಬೇಕಲ್ಲ.

ಬುಧವಾರ ಬೆಳಿಗ್ಗೆ ಗೋಕರ್ಣ. ಇಲ್ಲಿ ಆರೂವರೆಗೇ ಸರತಿಯಲ್ಲಿರಬೇಕು, ಎಂಟರ ಮೇಲೆ ದೂರದೂರಿನ ಬಸ್ಸುಗಳು ಬಂದು ನಿಲ್ಲುತ್ತವೆ. ರಥಬೀದಿಯ ಒಳಗೆ ದೊಡ್ಡ ವಾಹನ ಹೋಗದು, ಆಟೋ ಹಿಡಿದು ಅಜ್ಜಿಯನ್ನು ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಇಳಿಸುವುದು. ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಗಂಡಸರು ಅಂಗಿ, ಬನಿಯನ್ ತೆಗೆದು ಪಂಚೆ ಉಡಬೇಕು, ಹೆಂಗಸರಿಗೆ ಸೀರೆ ಅಥವಾ ಚೂಡಿದಾರ. ಮೊಮ್ಮಗನ ಪಟ್ಟಿಯಲ್ಲಿ ಪಂಚೆಯೂ ಇರಲಿಲ್ಲ. ಅಲ್ಲಿಗೆ ಹೋಗಿ ಪ್ಯಾಂಟಿನಲ್ಲಿ ನಿಂತು ಅಂಗಡಿ ಹುಡುಕುವವರನ್ನು ದಿನಾ ಕಾಣಬಹುದು.

ಅಜ್ಜಿಯ ಪ್ರಶ್ನೆ ಮತ್ತೆ ಎದುರಾಗುವುದು ಇಲ್ಲೇ. ಆತ್ಮಲಿಂಗವನ್ನು ಮುಟ್ಟಬೇಕಾದರೆ ಪೀಠದ ಬಳಿ ಕುಳಿತು, ಬಗ್ಗಿ, ರಂಧ್ರದೊಳಗೆ ಬೆರಳು ಹಾಕಬೇಕು. ಮಂಡಿ ಮಡಚದವರಿಗೆ ಕೂರುವುದಕ್ಕಿಂತ ಏಳುವುದು ಕಷ್ಟ, ಹಿಂದಿನ ಸರತಿ ನೂಕುತ್ತಿರುತ್ತದೆ. ಅವರ ಹಿಂದೆ ಮಗ, ಮುಂದೆ ಸೊಸೆ ನಿಲ್ಲಬೇಕು. ಇಬ್ಬರೂ ಒಂದೇ ಕಡೆ ನಿಂತು ತೋಳು ಹಿಡಿದು ಎಳೆದರೆ ಭುಜ ನೋಯುತ್ತದೆ, ಹಿಂದಿನವರು ಕಂಕುಳಡಿ ಕೈ ಕೊಟ್ಟು ಎತ್ತಬೇಕು. ಸರತಿ ನಿಂತೇ ಹೋದಾಗ ಕೂರಲಿಕ್ಕೆ ಮಡಚುವ ಪ್ಲಾಸ್ಟಿಕ್ ಸ್ಟೂಲು ಕೈಯಲ್ಲಿರಲಿ. ಅಂದು ಆಗಲಿಲ್ಲವೆಂದರೆ ಹೊರಗಿನಿಂದಲೇ ದರ್ಶನ ಮಾಡುವುದು ಅಂತ ಅಜ್ಜಿಗೆ ಮನೆಯಲ್ಲೇ ಹೇಳಿ ಒಪ್ಪಿಸಿರಬೇಕು. ಗರ್ಭಗುಡಿ ಬಾಗಿಲಲ್ಲಿ ನಿಂತು ಆ ಮಾತು ಶುರು ಮಾಡಿದರೆ ಇಡೀ ದಿನ ಮುಖ ಊದಿಕೊಂಡಿರುತ್ತಾರೆ, ತಪ್ಪೂ ಅವರದಲ್ಲ.

ತಿಂಡಿ ಮುಗಿಸಿ ಒಂಬತ್ತೂ ಮುಕ್ಕಾಲಿಗೆ ಹೊರಟರೆ ಹನ್ನೊಂದಕ್ಕೆ ಧಾರೇಶ್ವರ. ಕುಮಟಾದಿಂದ ಎಂಟೇ ಕಿ.ಮೀ., ಹೆದ್ದಾರಿಗೆ ತಾಗಿಯೇ ಇದೆ, ಜನ ಕಮ್ಮಿ. ಗೋಕರ್ಣದಲ್ಲಿ ತಡವಾಗಿ ಹತ್ತೂ ಮುಕ್ಕಾಲು ದಾಟಿತು ಅಂದರೆ ಧಾರೇಶ್ವರಕ್ಕೆ ಓಡಬಾರದು. ಅದನ್ನು ಗುರುವಾರ ವಾಪಸು ಬರುವಾಗ, ಬಾಗಿಲು ಮತ್ತೆ ತೆರೆಯುವ ಹೊತ್ತು ಕೇಳಿಕೊಂಡು ನೋಡಬಹುದು, ದಾರಿ ಅದೇ; ಮನೆ ಸೇರುವುದು ಅಷ್ಟು ತಡವಾಗುತ್ತದೆ. ಹೊನ್ನಾವರದಲ್ಲಿ ಊಟ, ಎರಡಕ್ಕೆ ಮುರ್ಡೇಶ್ವರ, ನಾಲ್ಕೂವರೆವರೆಗೆ ಎಲ್ಲರೂ ಮಲಗುವುದು. ಸಂಜೆ ದೇವಸ್ಥಾನ. ಕಂದುಕಗಿರಿಯ 123 ಅಡಿಯ ಶಿವನನ್ನು ಅಜ್ಜಿ ಕೆಳಗೆ ಕೂತೇ ಕಾಣಬಹುದು, ಮೆಟ್ಟಿಲು ಹತ್ತಬೇಕಿಲ್ಲ. ಮಕ್ಕಳಿಗೆ ರಾಜಗೋಪುರದ ಲಿಫ್ಟು. ಅದನ್ನು ಬೆಳಕಿರುವಾಗಲೇ ಮುಗಿಸಬೇಕು.

ಗುರುವಾರ ಎಂಟಕ್ಕೆ ಹೊರಟು ಗುಣವಂತೆ, ಹತ್ತರೊಳಗೆ ಇಡಗುಂಜಿ. ಮಧ್ಯಾಹ್ನದ ಪೂಜೆ ನೋಡಿ, ಪ್ರಸಾದ ಭೋಜನ ಮಾಡಿ, ಪಂಚಖಾದ್ಯ ಕಟ್ಟಿಸಿಕೊಂಡು ಒಂದೂಕಾಲಿಗೆ ಹೊರಟರೆ ಬಾಗಿಲು ಹಾಕುವ ಹೊತ್ತಿಗೆ ನಾವೂ ರಸ್ತೆಯಲ್ಲಿ. ಐದಕ್ಕೆ ಶಿರಸಿ ಚಹಾ.

ತಪ್ಪಿದರೆ ಏನು ಅನ್ನುವುದನ್ನೂ ಬರೆದಿಡಬೇಕು. ದೇವಿಮನೆ ಘಟ್ಟ ಕಾಮಗಾರಿಗೋ ಮಳೆಗೋ ಬಂದಾದರೆ ಮೊದಲ ದಿನಕ್ಕೆ ಯಲ್ಲಾಪುರ, ಅರಬೈಲು, ಅಂಕೋಲಾ ದಾರಿ. ಲಾರಿ ಜಾಸ್ತಿ, ಒಂದು ತಾಸು ಹೆಚ್ಚು ಹಿಡಿದು ಹತ್ತೂವರೆಗೇ ಹೊರಡಬೇಕು. ವಾಪಸಿಗೆ ಕುಮಟಾದಿಂದ ದೊಡ್ಮನೆ ಘಟ್ಟ ಹತ್ತಿ ಸಿದ್ದಾಪುರ ಸೇರಬಹುದು. ರಸ್ತೆ ಸಪೂರ, ಕತ್ತಲಾದ ಮೇಲೆ ಬೇಡ. ಜುಲೈ, ಆಗಸ್ಟಿನಲ್ಲಂತೂ ಈ ಯಾತ್ರೆಯೇ ಬೇಡ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಅಂಕೋಲಾ, ಕುಮಟಾ ನಡುವಿನ ಹೆದ್ದಾರಿಯೇ ತುಂಡಾಗಿತ್ತು. ಎರಡೇ ದಿನ ಸಿಗುತ್ತದೆ ಅಂದರೆ ಬಿಡಬೇಕಾದ್ದು ಕಾರವಾರ. ಅದನ್ನು ಇನ್ನೊಂದು ಸಲ ಒಂದು ದಿನದಲ್ಲಿ ಮಾಡಬಹುದು. ಅಜ್ಜಿಯ ಬಿಪಿ ಮಾತ್ರೆಯಲ್ಲಿ ಮೂತ್ರ ಹೋಗಿಸುವಂಥದ್ದು ಇದ್ದರೆ ಯಾವ ಹೊತ್ತಿಗೆ ಕೊಡುವುದು ಅಂತ ಡಾಕ್ಟರನ್ನು ಕೇಳಿಯೇ ಹೊರಡುವುದು. ಶೌಚಕ್ಕೆ ಅಂಜಿ ನೀರು ಕುಡಿಯದೆ ಇರುವ ಅಜ್ಜಿಯರು ಕರಾವಳಿಯ ಸೆಕೆಗೆ ಮಧ್ಯಾಹ್ನವೇ ತಲೆ ಸುತ್ತಿ ಬೀಳುತ್ತಾರೆ.

ನಿನ್ನೆ ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದ. "ಮಾವ, ರಜೆ ಎರಡೇ ದಿನ ಇದ್ದು" ಅಂದ. ಕಾರವಾರ ಹೊಡೆದು ಹಾಕಿದ. ಆಮೇಲೆ ಪಟ್ಟಿಗೆ ಹೊಸದೊಂದು ಕಾಲಂ ಸೇರಿಸಿ, ಮೇಲೆ 'ಕೂರುವ ಜಾಗ' ಅಂತ ಬರೆದು, ಒಂದೊಂದೇ ಓದಿ ಹೇಳಿದ: ಕತಗಾಲ, ಗೋಕರ್ಣದಲ್ಲಿ ಸ್ಟೂಲು, ಹೊನ್ನಾವರ, ಮುರ್ಡೇಶ್ವರದ ಕೋಣೆ.

ಅಜ್ಜಿ ಅಡಿಕೆ ಚೂರು ಬಾಯಿಗೆ ಹಾಕಿಕೊಂಡರು. "ಸ್ಟೂಲು ಕೆಂಪು ಬಣ್ಣದ್ದು ತಗ," ಅಂದರು, "ಕಳದ್ರೆ ಕಾಣ್ತು."