ಮಂಕು ಫೋಟೊ: ಮೊದಲು ಕಪ್ಪು ಸರಿ ಮಾಡಿ, ಬಣ್ಣ ಆಮೇಲೆ

ನಾನು ಫೋಟೊ ಎಡಿಟಿಂಗ್ ಕೆಲಸ ಮಾಡುತ್ತೇನೆ. ಬಣ್ಣ ಸತ್ತ ಫೋಟೊ ಬಂದರೆ ಹೊಸದಾಗಿ ಸೇರಿದವರು ಮೊದಲು ಕೈ ಹಾಕುವುದು ಸ್ಯಾಚುರೇಶನ್‌ಗೆ. ಮುಖ ಕಿತ್ತಳೆ ಆಗುತ್ತದೆ, ಮಂಕು ಮಾತ್ರ ಹಾಗೇ ಇರುತ್ತದೆ.

ಮೊನ್ನೆ ಬಂದ ಫೋಟೊ ಇಂಥದ್ದೇ. ಕಿಟಕಿಗೆ ಎದುರಾಗಿ ತೆಗೆದದ್ದು, ಬೆಳಕು ನೇರವಾಗಿ ಲೆನ್ಸ್ ಒಳಗೆ ಬಿದ್ದು ಇಡೀ ಚಿತ್ರದ ಮೇಲೆ ತೆಳ್ಳಗೆ ಬಿಳಿ ಪರದೆ ಹೊದಿಸಿದ ಹಾಗಿತ್ತು. ಲೆವೆಲ್ಸ್ ತೆರೆದರೆ ಹಿಸ್ಟೋಗ್ರಾಮ್, ಅಂದರೆ 0 ಪೂರ್ತಿ ಕಪ್ಪು, 255 ಪೂರ್ತಿ ಬಿಳಿ ಅಂತ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, 55ಕ್ಕೆ ಶುರುವಾಗಿ 210ಕ್ಕೆ ಮುಗಿಯುತ್ತಿತ್ತು. ಅಂದರೆ ಇಡೀ ಫೋಟೊದಲ್ಲಿ ನಿಜವಾದ ಕಪ್ಪೇ ಇಲ್ಲ! ಅಲ್ಲಿದ್ದ ಕೆಂಪು ಕುರ್ಚಿಯಲ್ಲಿ ಕೆಂಪು, ಹಸಿರು, ನೀಲಿ ಕ್ರಮವಾಗಿ 170, 95, 90 ತೋರಿಸುತ್ತಿತ್ತು. ಪರದೆಯ ಬೆಳಕು ಈ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಸೇರಿಕೊಂಡು ಕೆಂಪನ್ನು ಬೂದು ಕಡೆಗೆ ಎಳೆದಿತ್ತು. ಕಪ್ಪು ಸ್ಲೈಡರನ್ನು 55ಕ್ಕೆ, ಬಿಳಿಯದನ್ನು 210ಕ್ಕೆ ತಂದೆ. ಕುರ್ಚಿ ಸುಮಾರು 189, 66, 58 ಆಯಿತು. ಸ್ಯಾಚುರೇಶನ್ ಮುಟ್ಟದೆಯೇ ಕೆಂಪು ವಾಪಸ್ ಬಂತು.

ಸ್ಲೈಡರ್ ಎಳೆಯುವಾಗ ಫೋಟೊಶಾಪ್‌ನಲ್ಲಿ Alt ಒತ್ತಿ ಹಿಡಿಯಿರಿ, ಎಲ್ಲಿ ವಿವರ ಕಳೆದುಹೋಗುತ್ತಿದೆ ಅಂತ ಕಾಣುತ್ತದೆ. ಕೂದಲಿನ ಸಂದಿ, ಶೂ ಕೆಳಗಿನ ನೆರಳು ಪೂರ್ತಿ ಕಪ್ಪಾದರೆ ತೊಂದರೆ ಇಲ್ಲ. ಕಪ್ಪು ಬಟ್ಟೆಯ ಮಡಿಕೆಗಳೇ ಮಾಯವಾದರೆ ಒಂದೆರಡು ಹೆಜ್ಜೆ ಹಿಂದೆ ಬನ್ನಿ.

ಸಾಮಾನ್ಯವಾಗಿ ವೈಟ್ ಬ್ಯಾಲೆನ್ಸ್ ಮೊದಲು ಮಾಡಬೇಕು ಅಂತಾರೆ. ಇಂಥ ಪರದೆ ಬಿದ್ದ ಫೋಟೊಗೆ ನಾನು ಹಾಗೆ ಮಾಡುವುದಿಲ್ಲ. ಯಾಕೆಂದರೆ ವೈಟ್ ಬ್ಯಾಲೆನ್ಸ್ ಮೂರು ಬಣ್ಣಗಳನ್ನು ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡುತ್ತದೆ ಅಷ್ಟೆ, ಮೇಲಿಂದ ಬಂದು ಸೇರಿದ ಬೆಳಕನ್ನು ಕಳೆಯುವುದಿಲ್ಲ. ನೆರಳುಗಳು ಮಾತ್ರ ನೀಲಿಯಾಗಿ, ಉಳಿದದ್ದು ಸರಿ ಇದ್ದರೆ ಲೆವೆಲ್ಸ್‌ನಲ್ಲಿ ನೀಲಿ ಚಾನೆಲ್ ಒಂದನ್ನೇ ತೆರೆದು ನೋಡಿ. ಅದರ ಎಡ ಅಂಚು ಉಳಿದೆರಡಕ್ಕಿಂತ ಒಳಗೆ ಶುರುವಾಗಿರುತ್ತದೆ, ಅಲ್ಲಿಯೇ ಕಪ್ಪು ಸ್ಲೈಡರ್ ಎಳೆದರೆ ಸಾಕು.

ಆಮೇಲೆ ಲೆವೆಲ್ಸ್‌ನ ಬೂದು ಐಡ್ರಾಪರ್, ಒತ್ತಿದ ಜಾಗವನ್ನು ಬೂದು ಅಂತ ಹಿಡಿದು ಬಣ್ಣ ಸರಿ ಮಾಡುವಂಥದ್ದು. ಅದನ್ನು ಬಿಳಿ ಅಂಗಿಯ ಮೇಲೆ ಒತ್ತಬೇಡಿ, ಎಷ್ಟೋ ಬಿಳಿ ಬಟ್ಟೆಗಳಲ್ಲಿ ಹೊಳಪಿಗಾಗಿ ಹಾಕಿದ ರಾಸಾಯನಿಕ ನೀಲಿ ತೋರಿಸುತ್ತದೆ, ಅದನ್ನೇ ಬೂದು ಅಂತ ನಂಬಿದರೆ ಮುಖಗಳೆಲ್ಲ ಹಳದಿ! ಸಿಮೆಂಟು, ಬೂದು ಲೋಹ ಸಿಕ್ಕರೆ ಒಳ್ಳೆಯದು.

ಕರ್ವ್ಸ್‌ಗೆ ಕೊನೆಯಲ್ಲಿ ಸ್ವಲ್ಪವೇ ಕೆಲಸ. ನಡುವೆ ಒಂದು ಬಿಂದು ಇಟ್ಟು, ಕೆಳಗಿನ ಕಾಲು ಭಾಗವನ್ನು ಚೂರು ಇಳಿಸಿ, ಮೇಲಿನದನ್ನು ಚೂರು ಏರಿಸಿ. ಇದರಿಂದ ಬಣ್ಣವೂ ಗಾಢವಾಗುತ್ತದೆ, ಚರ್ಮ ಜಾಸ್ತಿ ಕೆಂಪಾದರೆ ಆ ಲೇಯರಿನ ಬ್ಲೆಂಡ್ ಮೋಡನ್ನು Luminosity ಮಾಡಿ.

ಇಷ್ಟೆಲ್ಲ ಎಳೆದಾಡಿದ ಮೇಲೆ ಹಿಸ್ಟೋಗ್ರಾಮ್ ಬಾಚಣಿಗೆಯ ಹಲ್ಲಿನಂತೆ ಬಿಟ್ಟುಬಿಟ್ಟು ಕಾಣಬಹುದು. 8 ಬಿಟ್ ಜೆಪೆಗ್ ಆದರೆ ಆಕಾಶ, ಖಾಲಿ ಗೋಡೆಯಂಥ ನುಣುಪು ಜಾಗವನ್ನು ನೂರು ಪರ್ಸೆಂಟಿಗೆ ಹಿಗ್ಗಿಸಿ ನೋಡಿ. ಪಟ್ಟೆಪಟ್ಟೆಯಾಗಿದ್ದರೆ ಎಳೆತ ಕಡಿಮೆ ಮಾಡಿ, ಇಲ್ಲವೇ ರಾ ಫೈಲ್ ಕೇಳಿ ತರಿಸಿ.